ಆಟದ ಗಡಿಯಾರ, ಪರದೆಯ ಗಡಿಯಾರ

1999ರ ಕೊನೆಗೆ ಬಂದ ‘ಕ್ವೇಕ್ 3 ಅರೀನಾ’ ಆಟವನ್ನು ಪಂದ್ಯದ ಮಟ್ಟದಲ್ಲಿ ಆಡುತ್ತಿದ್ದವರಿಗೆಲ್ಲ ಒಂದು ಸೆಟ್ಟಿಂಗ್ ಬಾಯಿಪಾಠವಾಗಿತ್ತು: `com_maxfps 125`. ಸೆಕೆಂಡಿಗೆ 125ಕ್ಕಿಂತ ಹೆಚ್ಚು ಫ್ರೇಮುಗಳನ್ನು ಬಿಡಿಸಬೇಡ ಎಂದು ಕಂಪ್ಯೂಟರಿಗೆ ಹೇಳುವ ಸಾಲು ಅದು. ನೋಡಿದರೆ ಚಿತ್ರದ ನುಣುಪಿಗೆ ಸಂಬಂಧಪಟ್ಟ ವಿಷಯ. ಆದರೆ ಆಟಗಾರರು ಅದನ್ನು ಹಾಕಿಕೊಳ್ಳುತ್ತಿದ್ದದ್ದು ಬೇರೆ ಕಾರಣಕ್ಕೆ. ಹಾಗೆ ಮಾಡಿದರೆ ಅವರ ಪಾತ್ರ ಉಳಿದವರಿಗಿಂತ ಎತ್ತರ ಜಿಗಿಯುತ್ತಿತ್ತು.

ಚಿತ್ರ ಬಿಡಿಸುವ ವೇಗಕ್ಕೂ ಜಿಗಿತದ ಎತ್ತರಕ್ಕೂ ಎಲ್ಲಿಯ ನಂಟು? 2005ರಲ್ಲಿ ಈ ಆಟದ ಮೂಲ ಕೋಡ್ ಬಹಿರಂಗವಾಯಿತು. ಅದನ್ನು ತೆರೆದರೆ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಜಿಗಿಯುವ ಕ್ಷಣದಲ್ಲಿ ಪಾತ್ರಕ್ಕೆ ಮೇಲ್ಮುಖವಾಗಿ 270ರ ವೇಗ ಸಿಗುತ್ತದೆ. ಗುರುತ್ವ 800. ಅಂದರೆ ಪ್ರತಿ ಸೆಕೆಂಡಿಗೆ ವೇಗದಲ್ಲಿ 800 ಕಡಿಮೆಯಾಗಬೇಕು. ಈ ಲೆಕ್ಕ ನಡೆಯುವುದು ಫ್ರೇಮಿಗೊಮ್ಮೆ: ಹಿಂದಿನ ಫ್ರೇಮಿನಿಂದ ಎಷ್ಟು ಸಮಯ ಕಳೆದಿದೆಯೋ ಅದನ್ನು 800ರಿಂದ ಗುಣಿಸಿ, ಬಂದದ್ದನ್ನು ವೇಗದಿಂದ ಕಳೆಯುವುದು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಆದರೆ ಪ್ರತಿ ಫ್ರೇಮಿನ ಕೊನೆಗೆ ವೇಗವನ್ನು ಹತ್ತಿರದ ಪೂರ್ಣಸಂಖ್ಯೆಗೆ ತಂದು ನಿಲ್ಲಿಸುತ್ತಾರೆ. ಪೂರ್ಣಸಂಖ್ಯೆಯಾದರೆ ನೆಟ್‌ವರ್ಕಿನಲ್ಲಿ ಕಳಿಸಲು ಕಡಿಮೆ ಜಾಗ ಸಾಕು, ಅದಕ್ಕಾಗಿ.

ಸೆಕೆಂಡಿಗೆ 125 ಫ್ರೇಮ್ ಎಂದರೆ ಒಂದು ಫ್ರೇಮಿಗೆ 8 ಮಿಲಿಸೆಕೆಂಡ್. ಅಷ್ಟರಲ್ಲಿ ಗುರುತ್ವ ಕಳೆಯಬೇಕಾದದ್ದು 6.4. 270ರಿಂದ 6.4 ಕಳೆದರೆ 263.6; ಪೂರ್ಣಸಂಖ್ಯೆಗೆ ತಂದಾಗ 264. ಮುಂದಿನ ಫ್ರೇಮಿನಲ್ಲಿ 257.6, ಅದು 258. ಪ್ರತಿ ಸಲವೂ 6.4ರ ಬದಲು ಬರೀ 6 ಕಳೆಯಿತು. ಹೀಗೆ ವೇಗ ಸೊನ್ನೆಗೆ ಬರಲು 45 ಫ್ರೇಮ್, ಅಂದರೆ 0.36 ಸೆಕೆಂಡ್ ಬೇಕು. ಸರಾಸರಿ ವೇಗ 135 ಹಿಡಿದರೆ ಜಿಗಿತದ ಎತ್ತರ 48.6. ಅದೇ ಆಟವನ್ನು ಫ್ರೇಮಿಗೆ 16 ಮಿಲಿಸೆಕೆಂಡ್ ತೆಗೆದುಕೊಳ್ಳುವ ಕಂಪ್ಯೂಟರಿನಲ್ಲಿ ಆಡಿ. ಕಳೆಯಬೇಕಾದದ್ದು 12.8, ಕಳೆಯುವುದು 13. ಎತ್ತರ 45ರ ಕೆಳಗೇ ನಿಲ್ಲುತ್ತದೆ. ಫ್ರೇಮಿಗೆ 3 ಮಿಲಿಸೆಕೆಂಡ್ ಸಾಕಾಗುವ ಬಲಿಷ್ಠ ಯಂತ್ರದಲ್ಲಾದರೆ 2.4ರ ಬದಲು 2 ಕಳೆದು, ಎತ್ತರ 54 ದಾಟುತ್ತದೆ. ಒಂದೇ ನಕ್ಷೆ, ಒಂದೇ ನಿಯಮ, ಆದರೂ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ದುಡ್ಡು ಸುರಿದವನಿಗೆ ಗುರುತ್ವವೇ ಕಡಿಮೆ. ಕೊನೆಗೆ ಆಟಕ್ಕೆ `pmove_fixed` ಎಂಬ ಸೆಟ್ಟಿಂಗ್ ಸೇರಿಸಿ, ಚಲನೆಯ ಲೆಕ್ಕವನ್ನು ಎಲ್ಲರಿಗೂ ಒಂದೇ ಅಳತೆಯ ಹೆಜ್ಜೆಗಳಲ್ಲಿ ನಡೆಸುವ ದಾರಿ ಮಾಡಿಕೊಡಬೇಕಾಯಿತು.

ಪೂರ್ಣಸಂಖ್ಯೆಗೆ ತರುವ ಆ ಒಂದು ಸಾಲನ್ನು ತೆಗೆದುಬಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಅದು ರೋಗವನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿತು, ಅಷ್ಟೆ. ಸೆಕೆಂಡಿಗೆ 12 ಮೀಟರ್ ಓಡುವ ಚೆಂಡೊಂದು 30 ಸೆಂಟಿಮೀಟರ್ ದಪ್ಪದ ಗೋಡೆಯತ್ತ ಹೋಗುತ್ತಿದೆ ಎನ್ನಿ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಅದರ ಒಂದು ಹೆಜ್ಜೆ 20 ಸೆಂಟಿಮೀಟರ್. ಯಾವುದಾದರೂ ಒಂದು ಹೆಜ್ಜೆ ಗೋಡೆಯೊಳಗೆ ಬಿದ್ದೇ ಬೀಳುತ್ತದೆ, ಡಿಕ್ಕಿ ಗೊತ್ತಾಗುತ್ತದೆ. ಕಂಪ್ಯೂಟರ್ ಏದುಸಿರು ಬಿಟ್ಟು 20 ಫ್ರೇಮಿಗೆ ಇಳಿದರೆ ಹೆಜ್ಜೆ 60 ಸೆಂಟಿಮೀಟರ್ ಆಗುತ್ತದೆ. ಗೋಡೆಯ ಈ ಕಡೆ ಒಂದು ಹೆಜ್ಜೆ, ಆ ಕಡೆ ಇನ್ನೊಂದು. ನಡುವೆ ಗೋಡೆ ಇತ್ತೆಂಬುದೇ ಲೆಕ್ಕಕ್ಕೆ ಬರುವುದಿಲ್ಲ. ಕಂಪ್ಯೂಟರ್ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿಯೇ ಲೆಕ್ಕಹಾಕುತ್ತದೆ, ಹೆಜ್ಜೆಯ ಅಳತೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಅಳತೆಯನ್ನು ಪರದೆಯ ಕೈಗೆ ಕೊಟ್ಟರೆ ಉತ್ತರವನ್ನೂ ಅದರ ಕೈಗೇ ಕೊಟ್ಟಂತೆ.

ಆದ್ದರಿಂದ ಆಟದ ಲೋಕಕ್ಕೆ ಅದರದೇ ಗಡಿಯಾರ ಬೇಕು. ಆ ಗಡಿಯಾರದ ಒಂದೊಂದು ಬಡಿತಕ್ಕೆ ಟಿಕ್ ಎನ್ನುತ್ತಾರೆ. ಟಿಕ್ಕಿನ ಅವಧಿ ಎಂದಿಗೂ ಬದಲಾಗದು. ಪರದೆ ಮಾತ್ರ ತನಗೆ ಸಾಧ್ಯವಾದಷ್ಟು ವೇಗದಲ್ಲಿ ಬಿಡಿಸುತ್ತಿರಲಿ. ಇವೆರಡನ್ನು ಹೊಂದಿಸುವ ರೀತಿಯನ್ನು ಗ್ಲೆನ್ ಫೀಡ್ಲರ್ 2004ರಲ್ಲಿ ಬರೆದ ಲೇಖನವೊಂದು ಬಹಳಷ್ಟು ಪ್ರೋಗ್ರಾಮರುಗಳಿಗೆ ಕಲಿಸಿತು. ಅದರ ತಿರುಳು ಇಷ್ಟು:

```
const double DT = 1.0 / 60.0;
double acc = 0.0;
while (running) {
    acc += min(elapsed(), 0.25);
    while (acc >= DT) {
        prev = cur;
        step(cur, DT);
        acc -= DT;
    }
    draw(lerp(prev, cur, acc / DT));
}
```

`acc` ಎಂಬುದು ಕಳೆದ ಸಮಯವನ್ನು ಜಮಾ ಮಾಡಿಕೊಳ್ಳುವ ಖಾತೆ. ಒಂದು ಟಿಕ್ಕಿಗೆ ಸಾಲುವಷ್ಟು ಜಮೆಯಾದಾಗ ಲೋಕ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಅಷ್ಟು ಸಮಯ ಖಾತೆಯಿಂದ ಖರ್ಚಾಗುತ್ತದೆ. ಸೆಕೆಂಡಿಗೆ 144 ಸಲ ಬಿಡಿಸುವ ಮಾನಿಟರನ್ನು ತೆಗೆದುಕೊಳ್ಳೋಣ. ಒಂದು ಫ್ರೇಮಿಗೆ ಸುಮಾರು 6.9 ಮಿಲಿಸೆಕೆಂಡ್, ಒಂದು ಟಿಕ್ಕಿಗೆ 16.7. ಮೊದಲ ಎರಡು ಫ್ರೇಮುಗಳಲ್ಲಿ ಲೋಕ ಕದಲುವುದೇ ಇಲ್ಲ. ಮೂರನೆಯದರಲ್ಲಿ ಖಾತೆ 20.8 ಮುಟ್ಟುತ್ತದೆ, ಒಂದು ಟಿಕ್ ನಡೆದು ಸುಮಾರು 4.2 ಉಳಿಯುತ್ತದೆ. ಅದು ಟಿಕ್ಕಿನ ಕಾಲು ಭಾಗ. ಹಾಗಾಗಿ ಪರದೆಯ ಮೇಲೆ ಹಿಂದಿನ ಸ್ಥಿತಿಗೂ ಈಗಿನ ಸ್ಥಿತಿಗೂ ನಡುವೆ ಕಾಲು ದಾರಿಯಲ್ಲಿ ಪಾತ್ರವನ್ನು ನಿಲ್ಲಿಸಿ ಬಿಡಿಸುತ್ತಾರೆ. ಇದನ್ನು ಮಾಡದಿದ್ದರೆ ಎರಡು ಫ್ರೇಮ್ ನಿಂತು ಮೂರನೆಯದಕ್ಕೆ ಹಾರಿದಂತೆ ಚಿತ್ರ ತಡವರಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ಕಣ್ಣಿಗೆ ಕಾಣುವ ಲೋಕ ನಿಜವಾದ ಲೋಕಕ್ಕಿಂತ ಒಂದು ಟಿಕ್ಕಿನಷ್ಟು ಹಿಂದಿರುತ್ತದೆ. ನನ್ನ ಮಟ್ಟಿಗೆ ಅದು ಕೊಡಬಹುದಾದ ಬೆಲೆ.

ಆ 0.25 ಏಕೆ? ಒಂದು ಟಿಕ್ಕನ್ನು ಲೆಕ್ಕಹಾಕಲು 20 ಮಿಲಿಸೆಕೆಂಡ್ ಹಿಡಿಯುವ ಬಡ ಕಂಪ್ಯೂಟರ್ ಇದೆಯೆನ್ನಿ. 16.7ರ ಸಾಲ ತೀರಿಸುವಷ್ಟರಲ್ಲಿ 20ರ ಹೊಸ ಸಾಲ ಹುಟ್ಟುತ್ತದೆ. ಸಾಲ ಬೆಳೆಯುತ್ತ ಹೋಗಿ ಕೆಲವು ಫ್ರೇಮುಗಳಲ್ಲೇ ಒಂದು ಫ್ರೇಮಿಗೆ ಎರಡು ಟಿಕ್, ಆಮೇಲೆ ಮೂರು. ಕೊನೆಗೆ ಆಟ ಹೆಪ್ಪುಗಟ್ಟಿ ನಿಲ್ಲುತ್ತದೆ. ಕಾಲು ಸೆಕೆಂಡಿಗಿಂತ ಹೆಚ್ಚಿನ ಸಮಯವನ್ನು ಜಮಾ ಮಾಡಲೊಲ್ಲೆ ಎಂದು ಮಿತಿ ಹಾಕಿದರೆ ಅಂಥ ಯಂತ್ರದಲ್ಲಿ ಆಟ ನಿಧಾನವಾಗುತ್ತದೆಯೇ ಹೊರತು ಸಾಯುವುದಿಲ್ಲ. ಇಲ್ಲೊಂದು ಅಂಶವನ್ನು ಗಮನಿಸಬೇಕು: ಆಗಲೂ ಪ್ರತಿ ಟಿಕ್ಕಿನ ಫಲಿತಾಂಶ ಬದಲಾಗುವುದಿಲ್ಲ. ಸಾವಿರನೆಯ ಟಿಕ್ಕು ತಡವಾಗಿ ಬಂದೀತು, ಆದರೆ ಬಂದಾಗ ಲೋಕ ಹೇಗಿರಬೇಕೋ ಹಾಗೆಯೇ ಇರುತ್ತದೆ.

ಈ ಗುಣದ ನಿಜವಾದ ಫಲ ಏನೆಂದು ತಿಳಿಯಲು ಕ್ವೇಕ್ 3ಕ್ಕಿಂತ ಆರು ವರ್ಷ ಹಿಂದೆ ಹೋಗಬೇಕು. ಅದೇ ಇಡ್ ಸಾಫ್ಟ್‌ವೇರ್ ಕಂಪನಿ 1993ರಲ್ಲಿ ತಂದ ‘ಡೂಮ್’ ಆಟದಲ್ಲಿ ಸೆಕೆಂಡಿಗೆ 35 ಟಿಕ್. ಅಂದಿನ ಮಾನಿಟರುಗಳು 70 ಸಲ ಮಿನುಗುತ್ತಿದ್ದವು, ಅದರ ಅರ್ಧ. ಡೂಮ್ ಆಡುತ್ತಲೇ ಆಟವನ್ನು ಮುದ್ರಿಸಿಕೊಂಡು, ಆ ಫೈಲನ್ನು ಗೆಳೆಯನಿಗೆ ಕಳಿಸಬಹುದಿತ್ತು. ಫೈಲು ತೆರೆದರೆ ಒಳಗೆ ಚಿತ್ರವೂ ಇಲ್ಲ, ರಾಕ್ಷಸರ ಜಾಗವೂ ಇಲ್ಲ. ಮೊದಲಿಗೆ 13 ಬೈಟುಗಳಲ್ಲಿ ಆಟದ ಆವೃತ್ತಿ, ಕಷ್ಟದ ಮಟ್ಟ, ಯಾವ ನಕ್ಷೆ, ಯಾರು ಆಡುತ್ತಿದ್ದಾರೆ ಇತ್ಯಾದಿ. ಆಮೇಲೆ ಪ್ರತಿ ಟಿಕ್ಕಿಗೆ ಆಟಗಾರನೊಬ್ಬನಿಗೆ ನಾಲ್ಕೇ ಬೈಟು: ಮುಂದೆ ಹಿಂದೆ ಎಷ್ಟು ನಡೆದ, ಅಕ್ಕಪಕ್ಕಕ್ಕೆ ಎಷ್ಟು ಸರಿದ, ಎಷ್ಟು ತಿರುಗಿದ, ಯಾವ ಗುಂಡಿ ಒತ್ತಿದ. ಸೆಕೆಂಡಿಗೆ 140 ಬೈಟು. ಒಂದು ನಿಮಿಷದ ಆಟ 8,400 ಬೈಟಿನಲ್ಲಿ ಮುಗಿಯುತ್ತದೆ. ಚದುರಂಗದ ಪಂದ್ಯವನ್ನು ಪತ್ರಿಕೆಯಲ್ಲಿ ಬರೀ ನಡೆಗಳ ಪಟ್ಟಿಯಾಗಿ ಅಚ್ಚು ಮಾಡುತ್ತಾರಲ್ಲ, ಹಾಗೆ. ಹಲಗೆಯ ಚಿತ್ರ ಬೇಕಿಲ್ಲ. ಆರಂಭದ ಸ್ಥಿತಿ ಮತ್ತು ನಡೆಗಳು ಗೊತ್ತಿದ್ದರೆ ನಿಯಮಗಳು ಉಳಿದದ್ದನ್ನು ಕಟ್ಟಿಕೊಡುತ್ತವೆ.

ಆದರೆ ಚದುರಂಗದಲ್ಲಿ ಕುದುರೆ ಕಾಲು ಮನೆಯಷ್ಟು ಜಾರುವುದಿಲ್ಲ. ಡೂಮ್‌ನಲ್ಲಿ ಒಂದು ರಾಕ್ಷಸ ಕೂದಲೆಳೆಯಷ್ಟು ಆಚೆ ನಿಂತರೂ ಗುಂಡು ಅದಕ್ಕೆ ತಾಕದೆ ಹೋಗುತ್ತದೆ. ಅದು ಬದುಕಿ ತಿರುಗಿ ಹೊಡೆಯುತ್ತದೆ. ರಿಪ್ಲೇಯಲ್ಲಿ ನಾಯಕ ಹತ್ತು ಸೆಕೆಂಡಿನೊಳಗೆ ಮೂಲ ದಾರಿ ಬಿಟ್ಟು, ಮುಚ್ಚಿದ ಬಾಗಿಲಿಗೆ ಹಣೆ ಚಚ್ಚುತ್ತ, ಖಾಲಿ ಗೋಡೆಗೆ ಗುಂಡು ಹಾರಿಸುತ್ತ ನಿಂತಿರುತ್ತಾನೆ. ಆಟ ತಯಾರಕರು ಇದನ್ನು ಡೀಸಿಂಕ್ ಎನ್ನುತ್ತಾರೆ. ಅದನ್ನು ತಡೆಯಲು ಡೂಮ್ ಬರೆದವರು ತೆಗೆದುಕೊಂಡ ಎಚ್ಚರ ನನಗೆ ಇಂದಿಗೂ ಬೆರಗು ತರಿಸುತ್ತದೆ.

ಮೊದಲನೆಯದು ಅದೃಷ್ಟದ ಲೆಕ್ಕ. ಗುಂಡಿನ ಪೆಟ್ಟು ಎಷ್ಟು, ರಾಕ್ಷಸ ಎಡಕ್ಕೆ ತಿರುಗಬೇಕೇ ಬಲಕ್ಕೆ ತಿರುಗಬೇಕೇ ಎಂಬುದಕ್ಕೆಲ್ಲ ಯಾದೃಚ್ಛಿಕ ಸಂಖ್ಯೆ ಬೇಕು. ಡೂಮ್‌ನಲ್ಲಿ ಅದು 256 ಸಂಖ್ಯೆಗಳ ಸಿದ್ಧ ಪಟ್ಟಿ. ಕೇಳಿದಾಗಲೆಲ್ಲ ಪಟ್ಟಿಯ ಮುಂದಿನ ಸಂಖ್ಯೆಯನ್ನು ಕೊಡುತ್ತಾರೆ, ಹೊಸ ಆಟ ಶುರುವಾದಾಗ ಪಟ್ಟಿಯ ತಲೆಗೆ ಹಿಂತಿರುಗುತ್ತಾರೆ. ಆದರೆ ಪಟ್ಟಿಯಲ್ಲಿ ಎಲ್ಲಿದ್ದೇವೆ ಎಂಬ ಗುರುತು ಒಂದಲ್ಲ, ಎರಡು. `P_Random` ಆಟದ ಲೋಕಕ್ಕೆ, `M_Random` ಅಲಂಕಾರಕ್ಕೆ. ಪರದೆಯ ಕೆಳಗಿನ ನಾಯಕನ ಮುಖ ಅತ್ತಿತ್ತ ನೋಡುವುದು ಎರಡನೆಯದನ್ನು ಬಳಸಿ. ಒಂದೇ ಗುರುತು ಇದ್ದಿದ್ದರೆ ಆ ಮುಖ ಒಮ್ಮೆ ಕಣ್ಣು ಹೊರಳಿಸಿದ್ದಕ್ಕೆ ಮುಂದಿನ ಗುಂಡಿನ ಪೆಟ್ಟೇ ಬದಲಾಗುತ್ತಿತ್ತು. ಇಂದಿನ ಆಟಗಳಲ್ಲೂ ಡೀಸಿಂಕ್ ಹುಟ್ಟುವ ಮಾಮೂಲಿ ಜಾಗ ಇದೇ: ಹೊಗೆ, ಕಿಡಿ, ಸದ್ದು ಬರೆಯುವವರು ಆಟದ ಪಟ್ಟಿಗೆ ಕೈ ಹಾಕಿಬಿಡುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮ. ಮೌಸ್ ತಿರುಗಿಸಿದ ಕೋನ ಆಟದೊಳಗೆ 16 ಬಿಟ್ಟಿನ ಸಂಖ್ಯೆ, ಫೈಲಿನಲ್ಲಿ ಅದಕ್ಕಿರುವ ಜಾಗ 8 ಬಿಟ್ಟು. ಫೈಲಿಗೆ ಬರೆಯುವಾಗ ಕೋನದ ಕೊಸರು ಉದುರಿಹೋಗುತ್ತದೆ. ಆಡಿದವನ ಲೋಕದಲ್ಲಿ ಪೂರ್ತಿ ಕೋನ, ನೋಡುವವನ ಲೋಕದಲ್ಲಿ ಉದುರಿದ ಕೋನ ಎಂದಾದರೆ ಮೊದಲ ತಿರುವಿಗೇ ರಿಪ್ಲೇ ಕೆಡುತ್ತದೆ. ಡೂಮ್ ಏನು ಮಾಡುತ್ತದೆ ಗೊತ್ತೇ? ನಾಲ್ಕು ಬೈಟು ಬರೆದ ಕೂಡಲೇ ಅವನ್ನೇ ಮತ್ತೆ ಓದಿಕೊಂಡು, ಓದಿದ್ದನ್ನು ಆಟಕ್ಕೆ ಕೊಡುತ್ತದೆ. ಮುದ್ರಿಸಿಕೊಳ್ಳುತ್ತ ಆಡುವವನೂ ಕೊಸರು ಉದುರಿದ ಕೋನದಲ್ಲೇ ತಿರುಗುತ್ತಾನೆ. ಕೋಡಿನ ಆ ಸಾಲಿನ ಪಕ್ಕದಲ್ಲಿ, ಎರಡೂ ಅಕ್ಷರಶಃ ಒಂದೇ ಆಗಿರಲೇಬೇಕು ಎಂಬ ಅರ್ಥದ ಟಿಪ್ಪಣಿಯೂ ಇದೆ.

ಮೂರನೆಯದು, ಡೂಮ್‌ನ ಲೋಕದಲ್ಲಿ ತೇಲುಬಿಂದು ಸಂಖ್ಯೆಗಳೇ ಇಲ್ಲ. ಜಾಗ, ವೇಗ ಎಲ್ಲವೂ 32 ಬಿಟ್ಟಿನ ಪೂರ್ಣಾಂಕ, ಅದರಲ್ಲಿ 16 ಬಿಟ್ಟು ಭಿನ್ನರಾಶಿಗೆ ಮೀಸಲು. ಅಂದಿನ ಅಗ್ಗದ ಪ್ರೊಸೆಸರುಗಳಲ್ಲಿ ತೇಲುಬಿಂದು ಲೆಕ್ಕ ನಿಧಾನವಾಗಿದ್ದದ್ದು ಇದಕ್ಕೆ ಕಾರಣ. ಆದರೆ ಅದರಿಂದ ರಿಪ್ಲೇಗೆ ಆದ ಉಪಕಾರ ದೊಡ್ಡದು. ತೇಲುಬಿಂದುವಿನಲ್ಲಿ ಕೂಡುವ ಕ್ರಮ ಬದಲಾದರೆ ಮೊತ್ತವೂ ಬದಲಾಗಬಹುದು. 0.1ಕ್ಕೆ 0.2 ಕೂಡಿ ಆಮೇಲೆ 0.3 ಕೂಡಿದರೆ ಕಂಪ್ಯೂಟರ್ 0.6000000000000001 ಎನ್ನುತ್ತದೆ, 0.2 ಮತ್ತು 0.3ನ್ನು ಮೊದಲು ಕೂಡಿ ಅದನ್ನು 0.1ಕ್ಕೆ ಸೇರಿಸಿದರೆ 0.6. ಒಂದೇ ಯಂತ್ರದಲ್ಲಿ ಒಂದೇ ಪ್ರೋಗ್ರಾಂ ಓಡುವವರೆಗೆ ಕ್ರಮ ಸಾಮಾನ್ಯವಾಗಿ ಬದಲಾಗದು. ಆದರೆ ಬೇರೆ ಕಂಪೈಲರ್ ಸಾಲುಗಳನ್ನು ಬೇರೆ ರೀತಿ ಜೋಡಿಸಬಹುದು. ಗುಣಾಕಾರ ಮತ್ತು ಸಂಕಲನವನ್ನು ಒಂದೇ ಏಟಿಗೆ ಮಾಡುವ ಪ್ರೊಸೆಸರ್ ನಡುವಿನ ದುಂಡಾಗಿಸುವಿಕೆಯನ್ನೇ ಬಿಟ್ಟುಬಿಡಬಹುದು. ಸೈನ್, ಕೊಸೈನ್‌ಗಳ ಕೊನೆಯ ಅಂಕೆ ಒಂದೊಂದು ಲೈಬ್ರರಿಯಲ್ಲಿ ಒಂದೊಂದು ತರ ಇರಬಹುದು. ಡೂಮ್ ಸೈನ್ ಬೆಲೆಗಳನ್ನೂ ಪಟ್ಟಿಯಾಗಿ ಕೋಡಿನೊಳಗೇ ಇಟ್ಟುಕೊಂಡಿತ್ತು.

ಈಗ ನೆಟ್‌ವರ್ಕಿಗೆ ಬರೋಣ. ರಿಪ್ಲೇ ಎಂದರೆ ಒಂದು ಲೋಕವನ್ನು ಎರಡನೆಯ ಸಲ ಓಡಿಸುವುದು. ನೆಟ್‌ವರ್ಕ್ ಆಟವೆಂದರೆ ಅದನ್ನು ಎರಡು ಮನೆಗಳಲ್ಲಿ ಒಟ್ಟಿಗೆ ಓಡಿಸುವುದು. ಡೂಮ್‌ನಲ್ಲಿ ಫೈಲಿಗೆ ಬರೆಯುವ ಅಪ್ಪಣೆಗಳೇ ತಂತಿಯ ಮೇಲೂ ಹೋಗುತ್ತಿದ್ದವು. 1997ರ ‘ಏಜ್ ಆಫ್ ಎಂಪೈರ್ಸ್’ ಇದೇ ದಾರಿಯಲ್ಲಿ ಇನ್ನೂ ದೂರ ಹೋಯಿತು. ಅದರ ನೆಟ್‌ವರ್ಕಿನ ಬಗ್ಗೆ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ 2001ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ 28.8 ಕಿಲೋಬಿಟ್ ಮೋಡೆಮಿನ ಮೇಲೆ 1,500 ಬಿಲ್ಲಾಳುಗಳು ಎಂಬ ಮಾತಿದೆ. ಆ ಮೋಡೆಮ್ ಸೆಕೆಂಡಿಗೆ ಸಾಗಿಸುವುದು ಹೆಚ್ಚೆಂದರೆ 3,600 ಬೈಟು. 1,500 ಆಳುಗಳಿಗೆ ಹಂಚಿದರೆ ಒಬ್ಬೊಬ್ಬನಿಗೆ ಎರಡೂವರೆ ಬೈಟೂ ಇಲ್ಲ. ಅವರ ಜಾಗ, ದಿಕ್ಕು, ಆರೋಗ್ಯ ಕಳಿಸುವ ಮಾತೇ ಇಲ್ಲ. ಕಳಿಸಲು ಸಾಧ್ಯವಿದ್ದದ್ದು ಅಪ್ಪಣೆ ಮಾತ್ರ: ಈ ಗುಂಪು ಆ ಜಾಗಕ್ಕೆ ಹೋಗಲಿ.

ಸಮಯವನ್ನು ಆಟ ಕಟ್ಟಿದವರು ಸುಮಾರು 200 ಮಿಲಿಸೆಕೆಂಡಿನ ಸರದಿಗಳಾಗಿ ಕತ್ತರಿಸಿದರು. 1000ನೆಯ ಸರದಿಯಲ್ಲಿ ಕೊಟ್ಟ ಅಪ್ಪಣೆ ಎಲ್ಲರ ಕಂಪ್ಯೂಟರಿನಲ್ಲೂ 1002ನೆಯ ಸರದಿಯಲ್ಲಿ ಜಾರಿಗೆ ಬರುತ್ತದೆ, ಕೊಟ್ಟವನಲ್ಲೂ ಸಹ. ನಡುವಿನ ಸಮಯ ಅದು ಎಲ್ಲರನ್ನೂ ತಲುಪಲಿಕ್ಕೆ. ಅಪ್ಪಣೆಗೆ ಅಂಟಿಸುವುದು ಸರದಿಯ ಸಂಖ್ಯೆಯನ್ನು, ಗೋಡೆ ಗಡಿಯಾರದ ಸಮಯವನ್ನಲ್ಲ. ಇದಕ್ಕೆ ಸ್ಥಿರ ಟಿಕ್ಕು ಇರಲೇಬೇಕು. ಒಬ್ಬೊಬ್ಬರ ಹೆಜ್ಜೆ ಒಂದೊಂದು ಅಳತೆಯಾದರೆ ‘1002ನೆಯದು’ ಎಂಬ ಮಾತಿಗೆ ಅರ್ಥವೇ ಇಲ್ಲ. ಕಾಲು ಸೆಕೆಂಡಿನ ತಡವನ್ನು ಆಟಗಾರರು ಗಮನಿಸಲೇ ಇಲ್ಲ, ಆದರೆ ತಡ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದಾಗ ಕಿರಿಕಿರಿಪಟ್ಟರು ಎಂದು ಆ ಪ್ರಬಂಧದಲ್ಲಿದೆ.

ಆಟ ಕಟ್ಟಿದವರನ್ನು ನಿಜಕ್ಕೂ ಕಾಡಿದ್ದು ಜಿಂಕೆ. ನಕ್ಷೆ ಹುಟ್ಟುವಾಗ ಒಂದು ಕಂಪ್ಯೂಟರಿನಲ್ಲಿ ಜಿಂಕೆಯೊಂದು ಸ್ವಲ್ಪವೇ ಬೇರೆ ರೀತಿ ನಿಂತಿರುತ್ತದೆ. ಅದು ಮೇಯುವ ದಾರಿ ಬೇರೆಯಾಗುತ್ತದೆ. ಕೆಲವು ನಿಮಿಷಗಳ ಮೇಲೆ ಹಳ್ಳಿಗನ ಈಟಿ ಗುರಿ ತಪ್ಪುತ್ತದೆ, ಅವನು ಮಾಂಸವಿಲ್ಲದೆ ಮನೆಗೆ ಬರುತ್ತಾನೆ. ಇನ್ನೊಬ್ಬರ ಪರದೆಯಲ್ಲಿ ಅವನ ಕೈಯಲ್ಲಿ ಮಾಂಸವಿದೆ. ಆಹಾರದ ಲೆಕ್ಕ ಕಣ್ಣಿಗೆ ಬಿದ್ದು ತಪ್ಪು ಗೊತ್ತಾಗುವ ಹೊತ್ತಿಗೆ ಕಾರಣ ಎಷ್ಟೋ ಸಾವಿರ ಹೆಜ್ಜೆ ಹಿಂದೆ ಹೂತುಹೋಗಿರುತ್ತದೆ.

ಎಲ್ಲ ನೆಟ್‌ವರ್ಕ್ ಆಟಗಳೂ ಈ ಹಾದಿ ಹಿಡಿಯುವುದಿಲ್ಲ. ಕ್ವೇಕ್ 3ರಲ್ಲಿ ನಿಜವಾದ ಲೋಕ ಇರುವುದು ಸರ್ವರಿನಲ್ಲಿ. ಯಾರು ಎಲ್ಲಿದ್ದಾರೆಂದು ಅದು ಮತ್ತೆ ಮತ್ತೆ ಎಲ್ಲರಿಗೂ ಹೇಳುತ್ತಿರುತ್ತದೆ. ಅದರ ರಿಪ್ಲೇ ಎಂದರೆ ಆ ಸಂದೇಶಗಳ ದಾಖಲೆ. ಲೆಕ್ಕ ಸ್ವಲ್ಪ ಆಚೀಚೆಯಾದರೂ ಮುಂದಿನ ಸಂದೇಶ ಸರಿಮಾಡುತ್ತದೆ. ಹತ್ತಿಪ್ಪತ್ತು ಪಾತ್ರಗಳ ಆಟಕ್ಕೆ ಅದು ಒಳ್ಳೆಯ ದಾರಿ, ಸಾವಿರಾರು ಆಳುಗಳಿದ್ದರೆ ನಡೆಯದು. ಇನ್ನು ಹೋರಾಟದ ಆಟಗಳಲ್ಲಿ ಕಾಲು ಸೆಕೆಂಡ್ ಕಾಯಲಾಗದು. ಅಲ್ಲಿ ಎದುರಾಳಿಯ ಗುಂಡಿಯನ್ನು ಊಹಿಸಿ ಮುಂದೆ ಹೋಗುತ್ತಾರೆ. ಊಹೆ ತಪ್ಪಾದರೆ ಹಳೆಯ ಟಿಕ್ಕಿಗೆ ಹಿಂದಿರುಗಿ ಅಲ್ಲಿಂದ ಮತ್ತೆ ಲೆಕ್ಕಹಾಕುತ್ತಾರೆ. ಟೋನಿ ಕ್ಯಾನನ್ ಅವರ ‘ಜಿಜಿಪಿಒ’ ಈ ವಿಧಾನವನ್ನು ಜನಪ್ರಿಯಗೊಳಿಸಿತು. ಸುದ್ದಿ 100 ಮಿಲಿಸೆಕೆಂಡ್ ತಡವಾದರೆ ಆರು ಟಿಕ್ಕುಗಳನ್ನು ಒಂದೇ ಫ್ರೇಮಿನೊಳಗೆ ಮರುಲೆಕ್ಕ ಮಾಡಬೇಕು, ಉತ್ತರ ಎರಡೂ ಕಡೆ ಕೊನೆಯ ಬಿಟ್ಟಿನವರೆಗೆ ಒಂದೇ ಇರಬೇಕು.

ಒಂದೇ ಇದೆಯೆಂದು ತಿಳಿಯುವುದು ಹೇಗೆ? ಡೂಮ್ ಅಪ್ಪಣೆಯ ಜೊತೆಗೆ ಆಟಗಾರನ ಜಾಗವನ್ನು ತಾಳೆ ನೋಡಲು ಕಳಿಸುತ್ತಿತ್ತು. ಹೊಂದದಿದ್ದರೆ ‘consistency failure’ ಎಂದು ಹೇಳಿ ಆಟವನ್ನೇ ನಿಲ್ಲಿಸುತ್ತಿತ್ತು. ಒರಟು ರೀತಿ, ಆದರೆ ಸುಳ್ಳು ಲೋಕದಲ್ಲಿ ಆಟ ಮುಂದುವರಿಸುವುದಕ್ಕಿಂತ ಮೇಲು. ಇವತ್ತು ಆಟ ಮಾಡುವವರು ಪ್ರತಿ ಟಿಕ್ಕಿನ ಕೊನೆಗೆ ಇಡೀ ಲೋಕದ ಸ್ಥಿತಿಯನ್ನು ಒಂದು ಚೆಕ್‌ಸಮ್ ಸಂಖ್ಯೆಯಾಗಿಸಿ ಬರೆದಿಡುತ್ತಾರೆ. ಒಂದೇ ಅಪ್ಪಣೆಗಳ ಫೈಲನ್ನು ಒಮ್ಮೆ 30 ಫ್ರೇಮಿನಲ್ಲಿ, ಒಮ್ಮೆ 144ರಲ್ಲಿ, ಇನ್ನೊಮ್ಮೆ ಪರದೆಯೇ ಇಲ್ಲದೆ ಓಡಿಸಿ ಮೂರು ಪಟ್ಟಿಗಳನ್ನು ಹೋಲಿಸುತ್ತಾರೆ. ಮೊದಲು ಬೇರೆಯಾದ ಟಿಕ್ಕಿನ ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಆ ಟಿಕ್ಕಿನಲ್ಲಿ ಪ್ರತಿ ವಸ್ತುವಿನ ಬೆಲೆಯನ್ನು ಎರಡೂ ಕಡೆ ಬರೆಸಿ ನೋಡಿದರೆ ಜಿಂಕೆ ಸಿಕ್ಕಿಬೀಳುತ್ತದೆ.

ಬರೀ ಅಪ್ಪಣೆಗಳನ್ನು ಮುದ್ರಿಸಿಕೊಳ್ಳುವುದರ ಇನ್ನೊಂದು ಪರಿಣಾಮ ತಯಾರಕರಿಗೆ ತಡವಾಗಿ ಅರಿವಾಗುತ್ತದೆ. ನಿಯಮದಲ್ಲೊಂದು ತಪ್ಪು ತಿದ್ದಿದ ದಿನ ಹಳೆಯ ರಿಪ್ಲೇಗಳೆಲ್ಲ ಕೆಡುತ್ತವೆ, ಏಕೆಂದರೆ ಅವು ಆ ತಪ್ಪನ್ನು ನಂಬಿಕೊಂಡೇ ಮುದ್ರಣವಾದವು. ಡೂಮ್ ಫೈಲಿನ ಮೊಟ್ಟಮೊದಲ ಬೈಟಿನಲ್ಲಿ ಆವೃತ್ತಿಯ ಸಂಖ್ಯೆ ಇರುವುದು ಇದಕ್ಕೇ, 1.9ನೆಯ ಆವೃತ್ತಿಗೆ 109. ಆಮೇಲೆ ಅಭಿಮಾನಿಗಳು ಕಟ್ಟಿದ ‘ಪಿಆರ್‌ಬೂಮ್ ಪ್ಲಸ್’ ಎಂಬ ಡೂಮ್‌ನಲ್ಲಿ ಹಳೆಯ ತಪ್ಪುಗಳನ್ನು ತಿದ್ದಿದ್ದಾರೆ. ಆದರೆ `-complevel 2` ಎಂದು ಕೊಟ್ಟು ತೆರೆದರೆ ಅದು 1.9ರ ತಪ್ಪುಗಳನ್ನು ಇದ್ದ ಹಾಗೇ ಮರಳಿ ತರುತ್ತದೆ, ತೊಂಬತ್ತರ ದಶಕದಲ್ಲಿ ಯಾರೋ ಒತ್ತಿದ ಗುಂಡಿಗಳಿಗೆ ಅಂದಿನ ಉತ್ತರಗಳನ್ನೇ ಕೊಡುತ್ತದೆ. ಚಿತ್ರವನ್ನು ಮಾತ್ರ ಇಂದಿನ ಮಾನಿಟರಿನ ವೇಗಕ್ಕೆ, ಎರಡು ಟಿಕ್ಕುಗಳ ನಡುವೆ ತುಂಬಿ ಬಿಡಿಸುತ್ತದೆ. ಒಳಗೆ ಈಗಲೂ ಸೆಕೆಂಡಿಗೆ 35 ಟಿಕ್ಕು.